ಉಜ್ಜಿದರೆ ಹೋಗದ ಕಂದು ಕಲೆ

ನಮ್ಮ ಸಂತೇಬೆನ್ನೂರು ಕಡೆ ಹಲ್ಲುಜ್ಜೋಕೆ ಮೂರು ದಾರಿ ಇನ್ನೂ ಉಳಿದಿವೆ. ತೋಟಕ್ಕೆ ಹೋಗುವವರ ಬಾಯಲ್ಲಿ ಬೇವಿನ ಕಡ್ಡಿ, ಹಿರಿಯರ ಅಂಗೈಯಲ್ಲಿ ಹಲ್ಲುಪುಡಿ, ಕೆಲವು ಮನೆಗಳಲ್ಲಿ ಭತ್ತದ ಹೊಟ್ಟು ಸುಟ್ಟ ಕರಿಗೆ ಉಪ್ಪು ಬೆರೆಸಿದ ಡಬ್ಬಿ. ಈಗ ಅದೇ ಇದ್ದಿಲು ಚಂದದ ಟ್ಯೂಬಿನಲ್ಲಿ ಬಂದು ಬೆಂಗಳೂರಿನ ನನ್ನ ಸಹೋದ್ಯೋಗಿಗಳ ಬಾತ್‌ರೂಮಿಗೂ ಸೇರಿದೆ. ಬೆಲೆ ಮಾತ್ರ ಬೇರೆ!

ನಮ್ಮ ಅತ್ತಿಗೆಯ ತವರು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅತ್ತಿಗೆಯ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಪಟ್ಟಿಗಳಿವೆ. ಶಾಲೆಗೆ ಹೋಗುವಾಗ ಯಾರೋ ಹೇಳಿದರಂತೆ, ಹೊಟ್ಟಿನ ಕರಿ ಹಾಕಿ ತಿಕ್ಕು, ಬೆಳ್ಳಗಾಗ್ತವೆ ಅಂತ. ಇಪ್ಪತ್ತು ವರ್ಷ ತಿಕ್ಕಿದ್ದಾರೆ. "ಎಷ್ಟ್ ತಿಕ್ಕಿದ್ರೂ ಹೋಗಲ್ಲ ಕಣಪ್ಪ, ಈಗ ತಣ್ಣೀರು ಕುಡಿದ್ರೆ ಜುಮ್ ಅಂತದೆ" ಅಂದರು ಮೊನ್ನೆ.

ಆ ಕಲೆ ಯಾಕೆ ಹೋಗಲ್ಲ ಅಂದರೆ, ಅದು ಹಲ್ಲಿನ ಮೇಲೆ ಅಂಟಿಕೊಂಡಿದ್ದಲ್ಲ. ಮಗುವಿಗೆ ಸುಮಾರು ಎಂಟು ವರ್ಷ ಆಗುವ ತನಕ ಶಾಶ್ವತ ಹಲ್ಲುಗಳ ಎನಾಮಲ್ ವಸಡಿನ ಒಳಗೇ ತಯಾರಾಗುತ್ತಿರುತ್ತದೆ. ಆ ಸಮಯದಲ್ಲಿ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಅತಿಯಾದರೆ ಎನಾಮಲ್ ಸರಿಯಾಗಿ ಗಟ್ಟಿಯಾಗದೆ ಸಣ್ಣ ಸಣ್ಣ ರಂಧ್ರ ಉಳಿಯುತ್ತವೆ. ಹಲ್ಲು ಹೊರಗೆ ಬಂದಮೇಲೆ ಅವುಗಳಲ್ಲಿ ಬಣ್ಣ ಇಳಿಯುತ್ತದೆ. ನಮ್ಮ ದೇಶದ ಮಾನದಂಡದಲ್ಲಿ ಲೀಟರ್ ನೀರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಳ್ಳೆಯ ಮಿತಿ. ಬೇರೆ ನೀರು ಸಿಗದಿದ್ದರೆ ಮಾತ್ರ 1.5ರ ತನಕ ಒಪ್ಪುತ್ತಾರೆ.

ಗುರುತಿಸೋದು ಕಷ್ಟವಲ್ಲ. ಎಲೆ ಅಡಿಕೆ, ಟೀ, ತಂಬಾಕಿನ ಕಲೆ ವಸಡಿನ ಅಂಚಿನಲ್ಲಿ, ಹಲ್ಲಿನ ಸಂದಿಯಲ್ಲಿ ಕೂತಿರುತ್ತದೆ. ದಂತವೈದ್ಯರು ಕ್ಲೀನ್ ಮಾಡಿದರೆ ಬಹುಪಾಲು ಹೋಗುತ್ತದೆ. ಫ್ಲೋರೈಡ್ ಕಲೆ ಚಿಕ್ಕಂದಿನಿಂದಲೇ ಇರುತ್ತದೆ, ಎಡಕ್ಕೂ ಬಲಕ್ಕೂ ಜೋಡಿ ಹಲ್ಲುಗಳಲ್ಲಿ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ.

ಇನ್ನು ಹೊಟ್ಟಿನ ಕರಿ. ಭತ್ತದ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ, ಅಂದರೆ ಮರಳಿನಲ್ಲಿರುವ ಪದಾರ್ಥವೇ. ಹಿಂದೆ ಇದರಲ್ಲೇ ಹಿತ್ತಾಳೆ ಪಾತ್ರೆ ತಿಕ್ಕುತ್ತಿದ್ದರಲ್ಲ! ಎನಾಮಲ್ ನಮ್ಮ ದೇಹದಲ್ಲೇ ಅತಿ ಗಟ್ಟಿ ವಸ್ತು, ಒಂದೆರಡು ದಿನಕ್ಕೆ ಏನೂ ಆಗಲ್ಲ. ಆದರೆ ಸವೆದದ್ದು ಮತ್ತೆ ಬೆಳೆಯುವುದಿಲ್ಲ. ವಸಡಿನ ಹತ್ತಿರ, ಹಲ್ಲಿನ ಕುತ್ತಿಗೆಯಲ್ಲಿ ಅದು ತೀರಾ ತೆಳು. ಒರಟು ಉಜ್ಜಿಗೆ ವಸಡು ಹಿಂದೆ ಸರಿದರೆ ಕೆಳಗಿನ ಬೇರು ಬಯಲಾಗುತ್ತದೆ. ಅಲ್ಲಿ ಎನಾಮಲ್ ಇಲ್ಲವೇ ಇಲ್ಲ, ಮೆತ್ತನೆಯ ಡೆಂಟಿನ್ ಬೇಗ ಸವೆದು ಕೊಡಲಿ ಏಟು ಬಿದ್ದಂತೆ ಕಚ್ಚು ಬೀಳುತ್ತದೆ.

ಅತ್ತಿಗೆಗೆ ಆಗಿದ್ದೂ ಅದೇ. ಕಚ್ಚು ಎಡಗಡೆಯ ಕೋರೆಹಲ್ಲು ಮತ್ತು ಅದರ ಪಕ್ಕದ್ದರಲ್ಲಿ ಆಳವಾಗಿದೆ. ಬಲಗೈಯವರಿಗೆ ಎಡಬದಿಯ ಮೇಲೆ ಒತ್ತಡ ಜಾಸ್ತಿ ಬೀಳುತ್ತದೆ ಅಂದರು ದಾವಣಗೆರೆಯ ದಂತವೈದ್ಯರು. ನೀವೂ ಕನ್ನಡಿ ಮುಂದೆ ನಿಂತು ಕೋರೆಹಲ್ಲಿನ ಬುಡದಲ್ಲಿ ಉಗುರನ್ನು ಮೆಲ್ಲಗೆ ಮೇಲಿಂದ ಕೆಳಗೆ ಆಡಿಸಿ ನೋಡಿ. ಉಗುರು ತಡೆದು ನಿಂತರೆ ತೋರಿಸಿಕೊಳ್ಳಿ.

ಇಲ್ಲಿ ಇನ್ನೊಂದು ತಮಾಷೆ ಇದೆ, ನಮ್ಮ ಭಾಷೆಯಲ್ಲಿ ಹೇಳೋದಾದರೆ ಮುಗಿಯದ ಲೂಪ್. ಇದ್ದಿಲು ಮೊದಲ ವಾರ ಟೀ ಕಲೆ ಕೆರೆದು ಹಲ್ಲನ್ನು ಬೆಳ್ಳಗೆ ಕಾಣಿಸುತ್ತದೆ. ವರ್ಷಗಟ್ಟಲೆ ಉಜ್ಜಿ ಎನಾಮಲ್ ತೆಳುವಾದಾಗ ಒಳಗಿನ ಡೆಂಟಿನ್‌ನ ಹಳದಿ ಹೊರಗೆ ಕಾಣುತ್ತದೆ. ಹಳದಿ ಆಯ್ತಲ್ಲ ಅಂತ ಇನ್ನೂ ಜೋರಾಗಿ ತಿಕ್ಕುತ್ತಾರೆ. 2017ರಲ್ಲಿ ಅಮೆರಿಕದ ದಂತವೈದ್ಯ ಸಂಘದ ಪತ್ರಿಕೆಯಲ್ಲಿ ಬಂದ ವಿಮರ್ಶೆಯೂ ಇದ್ದಿಲಿನ ಪೇಸ್ಟ್ ಸುರಕ್ಷಿತ, ಪರಿಣಾಮಕಾರಿ ಅನ್ನೋಕೆ ಸಾಕಷ್ಟು ಆಧಾರ ಇಲ್ಲ ಎಂದಿದೆ.

ಹಾಗಾದರೆ ಬೇವಿನ ಕಡ್ಡಿ? ಮೂರರಲ್ಲಿ ನನಗೆ ಇದೇ ವಾಸಿ ಅನ್ನಿಸುತ್ತದೆ, ಅದರಲ್ಲಿ ಪುಡಿಯ ತರಿ ಇಲ್ಲ. ಬೇವಿಗೆ ಬ್ಯಾಕ್ಟೀರಿಯಾ ತಡೆಯುವ ಗುಣವೂ ಇದೆ. ಆದರೆ ಹಸಿ ಕಡ್ಡಿ ಬೇಕು, ಕಿರುಬೆರಳಿಗಿಂತ ತೆಳ್ಳಗಿರಬೇಕು, ತುದಿಯನ್ನು ಚೆನ್ನಾಗಿ ಅಗಿದು ನಾರು ಕುಂಚದಂತೆ ಮೆತ್ತಗಾದ ಮೇಲೇ ಉಜ್ಜಬೇಕು. ವಸಡಿನಿಂದ ಹಲ್ಲಿನ ಕಡೆಗೆ ಎಳೆಯಬೇಕು, ಗರಗಸದಂತೆ ಅಡ್ಡ ಅಲ್ಲ. ಒಣಕಡ್ಡಿಯ ನಾರು ವಸಡಿಗೆ ಚುಚ್ಚುತ್ತದೆ. ದೊಡ್ಡ ಕೊರತೆ ಏನಂದರೆ ದವಡೆ ಹಲ್ಲಿನ ಒಳಬದಿಗೆ ಅದು ತಲುಪುವುದಿಲ್ಲ. ಅಲ್ಲೇ ಕಿಟ್ಟ ಗಾರೆಯಂತೆ ಗಟ್ಟಿಯಾಗಿ ವಸಡಿನಿಂದ ರಕ್ತ ಬರೋದು. ಆ ಕಿಟ್ಟವನ್ನು ಕಡ್ಡಿಯಾಗಲಿ ಪುಡಿಯಾಗಲಿ ತೆಗೆಯಲಾರದು. ಉಪ್ಪಿಗೆ ವಸಡು ಬಿಗಿಯಾದಂತೆ ಅನ್ನಿಸಿದರೂ ಕಾಯಿಲೆ ಒಳಗೇ ಇರುತ್ತದೆ.

ಪುಡಿ ಬಿಡೋಕಾಗದ ಹಿರಿಯರಿಗೆ ನಾನು ಹೇಳೋದಿಷ್ಟೇ: ಎರಡು ಬೆರಳ ನಡುವೆ ತಿಕ್ಕಿ ನೋಡಿ, ತರಿತರಿ ಅನ್ನಿಸಿದರೆ ಬೇಡ. ತಂಬಾಕು ಬೆರೆತದ್ದಂತೂ ಬೇಡವೇ ಬೇಡ, 1992ರಲ್ಲೇ ಸರ್ಕಾರ ಹಲ್ಲಿನ ಪೇಸ್ಟ್, ಪುಡಿಗಳಲ್ಲಿ ತಂಬಾಕನ್ನು ನಿಷೇಧಿಸಿದೆ.

ಅತ್ತಿಗೆಯ ಕಚ್ಚುಗಳಿಗೆ ಹಲ್ಲಿನ ಬಣ್ಣದ ಫಿಲ್ಲಿಂಗ್ ಆಗಿದೆ, ಜುಮ್ಮೆನ್ನೋದು ನಿಂತಿದೆ. ಈಗ ಮೆತ್ತನೆ ಬ್ರಷ್. ಕಂದು ಪಟ್ಟಿ ತೆಳು ಮಾಡುವ ಚಿಕಿತ್ಸೆ ಬೇರೆ ಇದೆಯಂತೆ, ಅದನ್ನು ಮುಂದೆ ನೋಡೋಣ ಅಂದಿದ್ದಾರೆ. ಆದರೆ ತವರಿನಲ್ಲಿರುವ ತಮ್ಮನಿಗೆ ಅವತ್ತೇ ಫೋನ್ ಮಾಡಿದರು: "ಬೋರ್ ನೀರು ಟೆಸ್ಟ್ ಮಾಡಿಸೋ, ಪಾಪುಗೆ ಇನ್ನೂ ಮೂರು ವರ್ಷ."