ಗಣಕ ಕಟ್ಟೆ: ಮುಂದೂಡಿದ ಕೆಲಸ ಮುಗಿದ ಲೆಕ್ಕಕ್ಕೆ ಬಂದಾಗ



ನಿಮ್ಮಲ್ಲಿ ಕೆಲವರ ಅಜ್ಜಂದಿರು ಹೋಟೆಲಿಗೋ ವ್ಯಾಪಾರಕ್ಕೋ ಎಂದು ಘಟ್ಟದ ಕೆಳಗಿನ ಊರುಗಳಿಂದ ಕೊಚ್ಚಿಗೆ ಬಂದವರು. ಅವರ ಕಾಲದ ಖಾತೆ ಪುಸ್ತಕ ನಿಮ್ಮ ಮನೆಯ ಅಟ್ಟದಲ್ಲಿ ಇನ್ನೂ ಇದ್ದರೆ ಒಮ್ಮೆ ತೆಗೆದು ನೋಡಿ. ಮೊದಲ ಹಾಳೆಗಳಲ್ಲಿ ಹೆಸರುಗಳ ಪಟ್ಟಿ ಇರುತ್ತದೆ. ಒಂದೊಂದು ಹೆಸರಿನ ಮುಂದೆ ಪುಟದ ಸಂಖ್ಯೆ ಇರುತ್ತದೆ. ಯಾರ ಲೆಕ್ಕ ಬೇಕೋ ಆ ಪುಟಕ್ಕೆ ನೇರವಾಗಿ ಹೋಗಬಹುದು. ಇಂದಿನ ಡೇಟಾಬೇಸಿನಲ್ಲಿ ಇಂಡೆಕ್ಸ್ ಎನ್ನುವುದು ಇಂಥದೇ ಪಟ್ಟಿ. ಈ ಪಟ್ಟಿಯನ್ನು ಆಗಾಗ ಹೊಸದಾಗಿ ಬರೆಯಬೇಕಾಗುತ್ತದೆ. ಆ ಕೆಲಸ ಎಂಟು ವಾರ ನಡೆಯದೇ ಹೋದ ಒಂದು ಪ್ರಸಂಗವನ್ನು ಈ ಸಲ ಹೇಳುತ್ತೇನೆ. ತಪ್ಪಿನಲ್ಲಿ ದೊಡ್ಡ ಪಾಲು ನನ್ನದೇ.

ಇದು 2023ರ ಆಗಸ್ಟ್ ತಿಂಗಳ ಮಾತು. ಮಟ್ಟಾಂಚೇರಿಯ ಒಂದು ಮಸಾಲೆ ಗೋದಾಮಿನ ದಾಸ್ತಾನು ಲೆಕ್ಕದ ತಂತ್ರಾಂಶವನ್ನು ನಾನು ನೋಡಿಕೊಳ್ಳುತ್ತಿದ್ದೆ. ಡೇಟಾಬೇಸ್ ಪೋಸ್ಟ್‌ಗ್ರೆಸ್. ಗೋದಾಮಿನಲ್ಲಿ ಆರು ವಿದ್ಯುನ್ಮಾನ ತಕ್ಕಡಿಗಳು. ಮೆಣಸು, ಏಲಕ್ಕಿ, ಶುಂಠಿಯ ಲಾಟುಗಳನ್ನು ತೂಗುವಾಗ ಒಂದೊಂದು ತಕ್ಕಡಿಯೂ ಐದು ಸೆಕೆಂಡಿಗೊಮ್ಮೆ ತೂಕವನ್ನೂ ಸಮಯವನ್ನೂ ಡೇಟಾಬೇಸಿನಲ್ಲಿ ತಿದ್ದುತ್ತಿತ್ತು. ದಿನಕ್ಕೆ ಹತ್ತು ಗಂಟೆ ಎಂದು ಹಿಡಿದರೆ 43,200 ತಿದ್ದುಪಡಿ.

ಆಗಸ್ಟ್ 21ರ ಸೋಮವಾರ, ಓಣಂ ಹತ್ತಿರವಿದ್ದಾಗ, ಗೋದಾಮಿನಿಂದ ಫೋನ್ ಬಂತು. ಬಾಗಿಲಲ್ಲಿರುವ ಲಾಟುಗಳ ಪಟ್ಟಿ ಮೊದಲು ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತಿತ್ತು, ಈಗ ಆರೇಳು ಸೆಕೆಂಡು ಹಿಡಿಯುತ್ತಿದೆಯಂತೆ. ಪ್ರತಿ ಮೂಟೆಗೂ ಆ ಪಟ್ಟಿ ಬೇಕು. ಹೊರಗೆ ಬಜಾರ್ ರಸ್ತೆಯಲ್ಲಿ ಲಾರಿಗಳ ಸಾಲು ಬೆಳೆಯುತ್ತಿತ್ತು. ಪಟ್ಟಿಯಲ್ಲಿ ಇದ್ದದ್ದು ಬರೀ ನಲವತ್ತು ಲಾಟು!

ಇಲ್ಲಿ ಪೋಸ್ಟ್‌ಗ್ರೆಸ್ಸಿನ ಒಂದು ಗುಣವನ್ನು ತಿಳಿಯಬೇಕು. ಒಂದು ಸಾಲನ್ನು ತಿದ್ದಿದಾಗ ಅದು ಹಳೆಯದನ್ನು ಅಳಿಸುವುದಿಲ್ಲ. ಹೊಸ ಸಾಲನ್ನು ಬೇರೆಡೆ ಬರೆದು ಹಳೆಯದನ್ನು ಹಾಗೆಯೇ ಬಿಡುತ್ತದೆ. ನಮ್ಮ ಇಂಡೆಕ್ಸಿನಲ್ಲಿ ತೂಗಿದ ಸಮಯವೂ ಸೇರಿದ್ದರಿಂದ ಪ್ರತಿ ತಿದ್ದುಪಡಿಗೂ ಅಲ್ಲಿ ಒಂದು ಹೊಸ ನಮೂದು ಸೇರುತ್ತಿತ್ತು. ಹಳೆಯದು ಯಾರಿಗೂ ಬೇಡವಾದ ಮೇಲೆ `VACUUM` ಎಂಬ ಕೆಲಸ ತಾನಾಗಿ ನಡೆದು ಅದನ್ನು ಗುಡಿಸುತ್ತದೆ. ಗುಡಿಸಿದರೂ ಇಂಡೆಕ್ಸಿನ ಗಾತ್ರ ಸಾಮಾನ್ಯವಾಗಿ ಇಳಿಯುವುದಿಲ್ಲ, ಒಳಗೆ ಜಾಗ ಖಾಲಿಯಾಗುತ್ತದೆ ಅಷ್ಟೆ. ಗಾತ್ರ ಇಳಿಯಬೇಕಾದರೆ ಇಂಡೆಕ್ಸನ್ನೇ ಹೊಸದಾಗಿ ಕಟ್ಟಬೇಕು. ಅದಕ್ಕಾಗಿ ಪ್ರತಿ ಭಾನುವಾರ ಬೆಳಗಿನ ಜಾವ ಎರಡು ಗಂಟೆಗೆ ಓಡುವಂತೆ ನಾನೊಂದು ಸ್ಕ್ರಿಪ್ಟ್ ಬರೆದಿಟ್ಟಿದ್ದೆ.

ಅದರ ದಾಖಲೆ ತೆರೆದು ನೋಡಿದರೆ ಜುಲೈ 2ರಿಂದ ಆಗಸ್ಟ್ 20ರವರೆಗೆ ಎಂಟು ಭಾನುವಾರವೂ ಒಂದೇ ವಾಕ್ಯ: ದೀರ್ಘ ಟ್ರಾನ್ಸಾಕ್ಷನ್ ಇದೆ, ಈ ವಾರ ಬಿಡಲಾಗಿದೆ. ಬಿಡುವಂತೆ ಬರೆದವನೂ ನಾನೇ. ಅದಕ್ಕೊಂದು ಕಾರಣವಿತ್ತು. `REINDEX INDEX CONCURRENTLY` ಎಂಬ ಆಜ್ಞೆ ಜನರ ಕೆಲಸ ನಿಲ್ಲಿಸದೆ ಹೊಸ ಇಂಡೆಕ್ಸ್ ಕಟ್ಟುತ್ತದೆ. ಆದರೆ ಹಳೆಯದನ್ನು ತೆಗೆಯುವ ಮುನ್ನ, ಆ ಕೋಷ್ಟಕವನ್ನು ಬಳಸುತ್ತಿರುವ ಹಳೆಯ ಟ್ರಾನ್ಸಾಕ್ಷನ್‌ಗಳೆಲ್ಲ ಮುಗಿಯುವವರೆಗೆ ಕಾಯುತ್ತದೆ. ನಡುವೆ ನಿಲ್ಲಿಸಿದರೆ `_ccnew` ಎಂದು ಕೊನೆಗೊಳ್ಳುವ ಹೆಸರಿನ ಅರೆಬರೆ ಇಂಡೆಕ್ಸ್ ಉಳಿದು, ಅದನ್ನು ಕೈಯಾರೆ ತೆಗೆಯಬೇಕಾಗುತ್ತದೆ. ಆದ್ದರಿಂದ ಅರ್ಧ ಗಂಟೆಗಿಂತ ಹಳೆಯ ಟ್ರಾನ್ಸಾಕ್ಷನ್ ಕಂಡರೆ ಆ ವಾರ ಬಿಟ್ಟುಬಿಡು ಎಂದಿದ್ದೆ. ಅಷ್ಟರಮಟ್ಟಿಗೆ ಸರಿಯೇ. ಬಿಟ್ಟ ಮೇಲೂ ಸ್ಕ್ರಿಪ್ಟ್ ಯಶಸ್ವಿಯಾಗಿ ಮುಗಿಯಿತು ಎಂದೇ ವರದಿ ಮಾಡುವಂತೆ ಬರೆದಿದ್ದೆನಲ್ಲ, ಅದು ತಪ್ಪು. ಯಶಸ್ಸಿನ ಗುರುತು ಕಂಡ ಮೇಲೆ ಯಾರು ತಾನೇ ಒಳಗೆ ಇಣುಕುತ್ತಾರೆ?

ಹಾಗಾದರೆ ಎಂಟು ವಾರ ಮುಗಿಯದ ಆ ಟ್ರಾನ್ಸಾಕ್ಷನ್ ಯಾವುದು? ಹೀಗೆ ಕೇಳಿದೆ:

```sql
SELECT pid, state, now() - xact_start AS age
FROM pg_stat_activity
WHERE xact_start IS NOT NULL
ORDER BY xact_start;
```

ಮೊದಲ ಸಾಲಿನಲ್ಲಿ `idle in transaction` ಎಂದಿತ್ತು, ವಯಸ್ಸು 20 ದಿನ. ಟ್ರಾನ್ಸಾಕ್ಷನ್ ತೆರೆದಿದೆ, ಆದರೆ ಅದು ಏನನ್ನೂ ಮಾಡುತ್ತಿಲ್ಲ ಎಂದು ಅರ್ಥ. ಜಾಡು ಹಿಡಿದು ಹೋದರೆ ಸಿಕ್ಕಿದ್ದು ಲೆಕ್ಕದ ರಾಯರ ಮೇಜು. ತಿಂಗಳ ಮೊದಲ ದಿನದ ದಾಸ್ತಾನು ಪಟ್ಟಿಯನ್ನು ಅವರು ಒಂದನೇ ತಾರೀಕು ತೆರೆದು, ದಿನದಿನದ ಲೆಕ್ಕದ ಜತೆ ಹೋಲಿಸಲು ತಿಂಗಳಿಡೀ ಹಾಗೆಯೇ ಇಡುತ್ತಿದ್ದರು. ಕಡೆಯ ದಿನ ಸಂಜೆ ಮುಚ್ಚಿ ಮರುದಿನ ಹೊಸದು ತೆರೆಯುತ್ತಿದ್ದರು.

"ರಾಯರೇ, ಇದನ್ನು ರಾತ್ರಿ ಮುಚ್ಚಬಾರದಿತ್ತೇ?" ಎಂದೆ.

"ಮುಚ್ಚಿದರೆ ಒಂದನೇ ತಾರೀಕಿನ ಲೆಕ್ಕ ಮತ್ತೆ ಎಲ್ಲಿ ಸಿಗುವುದು ಮಾರಾಯ? ನೀನೇ ಅಲ್ಲವಾ ಹಾಗೆ ಮಾಡಿಕೊಟ್ಟದ್ದು?" ಎಂದರು.

ನಿಜ. ಜುಲೈ 1ರಂದು ಆ ಪಟ್ಟಿಯನ್ನು ಸೇರಿಸಿದ್ದು ನಾನು. ಮೊದಲ ಪುಟಕ್ಕೂ ಕೊನೆಯ ಪುಟಕ್ಕೂ ಲೆಕ್ಕ ಹೊಂದಬೇಕೆಂದು `REPEATABLE READ` ಎಂಬ ಬಗೆಯ ಟ್ರಾನ್ಸಾಕ್ಷನ್ ತೆರೆದು, ಕಿಟಕಿ ಮುಚ್ಚಿದಾಗ ಮಾತ್ರ ಅದು ಮುಗಿಯುವಂತೆ ಮಾಡಿದ್ದೆ. ಅದು ತೆರೆದಿರುವಷ್ಟು ದಿನ ಒಂದನೇ ತಾರೀಕಿನ ನೋಟವನ್ನು ಡೇಟಾಬೇಸ್ ಕಾಪಾಡಬೇಕು. ಆದ್ದರಿಂದ ಅಂದಿನಿಂದ ಹಳತಾದ ಯಾವ ಸಾಲನ್ನೂ `VACUUM` ಗುಡಿಸುವಂತಿಲ್ಲ. ಹೀಗೆ ಒಂದೇ ಕಿಟಕಿ ಎರಡು ಕೆಲಸಗಳನ್ನು ತಡೆದಿತ್ತು: ದಿನದ ಗುಡಿಸುವಿಕೆ, ವಾರದ ಮರುಕಟ್ಟುವಿಕೆ. ನಲವತ್ತು ಲಾಟು ಹುಡುಕಲು ಗಣಕ ಸುಮಾರು ಏಳು ಲಕ್ಷ ಸತ್ತ ನಮೂದುಗಳನ್ನು ದಾಟಿ ಹೋಗುತ್ತಿತ್ತು.

ಅಂದು ರಾಯರಿಗೆ ಪಟ್ಟಿಯನ್ನು ಮುದ್ರಿಸಿ ಕೊಟ್ಟು, ಅವರ ಒಪ್ಪಿಗೆ ಪಡೆದು ಕಿಟಕಿ ಮುಚ್ಚಿದೆ. ಯಾರೆಂದು ತಿಳಿಯದೆ `pg_terminate_backend` ಬಳಸಿ ಕಡಿದು ಹಾಕುವುದೂ ಸಾಧ್ಯ. ಆದರೆ ಅರ್ಧ ಬರೆದ ಲೆಕ್ಕವಿದ್ದರೆ ಅದು ರದ್ದಾಗುತ್ತದೆ, ಆದ್ದರಿಂದ ಮೊದಲು ಕೇಳುವುದು ಒಳ್ಳೆಯದು. ಆಮೇಲೆ `VACUUM`, ಅದರ ನಂತರ ಮರುಕಟ್ಟುವಿಕೆ. 46 ಮೆಗಾಬೈಟ್ ಇದ್ದ ಇಂಡೆಕ್ಸ್ 2 ಮೆಗಾಬೈಟಿಗೆ ಇಳಿಯಿತು. ಪಟ್ಟಿ ಮತ್ತೆ ತಟ್ಟನೆ ಬರತೊಡಗಿತು. ನಿಜ ಹೇಳಬೇಕೆಂದರೆ ಹೆಚ್ಚಿನ ಫಲ ಸಿಕ್ಕಿದ್ದು ಗುಡಿಸಿದ್ದರಿಂದಲೇ. ಗುಡಿಸುವ ಕೆಲಸ ಸರಿಯಾಗಿ ನಡೆದಿದ್ದರೆ ಒಂದೆರಡು ಭಾನುವಾರ ತಪ್ಪಿದರೂ ಯಾರಿಗೂ ತಿಳಿಯುತ್ತಿರಲಿಲ್ಲ.

ಮುಂದೆ ಹೀಗಾಗದಂತೆ ಮೂರು ಬದಲಾವಣೆ ಮಾಡಿದೆ. ಒಂದನೇ ತಾರೀಕಿನ ದಾಸ್ತಾನನ್ನು ಬೇರೊಂದು ಕೋಷ್ಟಕಕ್ಕೆ ನಕಲು ಮಾಡಿ ಕೂಡಲೇ `COMMIT` ಮಾಡಿಸಿದೆ. ಈಗ ರಾಯರು ಕಿಟಕಿಯನ್ನು ಎಷ್ಟು ದಿನ ತೆರೆದಿಟ್ಟರೂ ತೊಂದರೆಯಿಲ್ಲ. ಎರಡನೆಯದಾಗಿ, ವರದಿಗಳಿಗಾಗಿ ಇರುವ ಬಳಕೆದಾರನಿಗೆ `idle_in_transaction_session_timeout` ಅನ್ನು ಹದಿನೈದು ನಿಮಿಷಕ್ಕೆ ಇಟ್ಟೆ. ಸುಮ್ಮನೆ ತೆರೆದು ಕೂತ ಟ್ರಾನ್ಸಾಕ್ಷನ್ನಿಗೆ ಮಾತ್ರ ಇದು ಮದ್ದು. ನಿಜವಾಗಿಯೂ ಗಂಟೆಗಟ್ಟಲೆ ಓಡುವ ಪ್ರಶ್ನೆಯನ್ನು ಇದು ತಡೆಯುವುದಿಲ್ಲ. ಮೂರನೆಯದಾಗಿ, ಪ್ರತಿ ಇಂಡೆಕ್ಸ್ ಕೊನೆಯ ಸಲ ನಿಜವಾಗಿ ಮರುಕಟ್ಟಿದ ದಿನಾಂಕವನ್ನು ಸ್ಕ್ರಿಪ್ಟ್ ಬರೆದಿಡುತ್ತದೆ. ಸತತ ಎರಡು ವಾರ ಬಿಟ್ಟುಹೋದರೆ ಕೆಲಸ ವಿಫಲವಾಯಿತೆಂದು, ತಡೆದವರ `pid` ಸಹಿತ, ನನಗೆ ಓಲೆ ಬರುತ್ತದೆ.

ನಿಮ್ಮಲ್ಲಿ ಎಷ್ಟೋ ಮಂದಿ ಇನ್‌ಫೋಪಾರ್ಕಿನಲ್ಲೋ ತಿರುವನಂತಪುರದ ಟೆಕ್ನೋಪಾರ್ಕಿನಲ್ಲೋ ಇಂಥ ಕೆಲಸದಲ್ಲಿರಬಹುದು. ನಾಳೆ ಕಚೇರಿಗೆ ಹೋದಾಗ ರಾತ್ರಿಯ ಕೆಲಸಗಳ ಹಸಿರು ಗುರುತನ್ನು ನೋಡಿ ಸುಮ್ಮನಾಗಬೇಡಿ. ಒಂದೊಂದು ಕೆಲಸವೂ ಕೊನೆಯ ಸಲ ಯಾವತ್ತು ನಿಜವಾಗಿ ನಡೆಯಿತು ಎಂದು ದಿನಾಂಕ ಹುಡುಕಿ ನೋಡಿ. ಸಿಕ್ಕಿದ್ದನ್ನು ನನಗೂ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.