ರಾಗಿ ಟಬ್ಬು ಮೊದಲೋ, ಮೇಜು ಮೊದಲೋ

ಹೂಗ್ಯಂನಂಥ ಗಡಿಯೂರಿನಿಂದ ಮಗುವನ್ನು ಥೆರಪಿಗೆ ಕರೆದೊಯ್ಯುವುದೆಂದರೆ ಹನೂರು ದಾಟಿ ಕೊಳ್ಳೇಗಾಲದವರೆಗಾದರೂ ಹೋಗಬೇಕಾಗುತ್ತದೆ. ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೊರಟರಂತೂ ಅಂದಿನ ಕೂಲಿ ಹೋಯಿತೆಂದೇ ಲೆಕ್ಕ. ಈ ಭಾಗದಲ್ಲಿ ಒಂದೇ ಕೋಣೆಯ, ಒಬ್ಬರೇ ಥೆರಪಿಸ್ಟ್ ಇರುವ ಸಣ್ಣ ಕೇಂದ್ರವೊಂದಿದೆ ಎಂದಿಟ್ಟುಕೊಳ್ಳೋಣ. ಅಲ್ಲಿ ಮಗುವಿಗೆ ಸಿಗುವುದು ವಾರಕ್ಕೆ ಎರಡು ಸಲ, ಸಲಕ್ಕೆ 40 ನಿಮಿಷ. ಗಮನ ನಿಲ್ಲದ ನಾಲ್ಕೈದು ವರ್ಷದ ಮಗುವಿಗಾಗಿ ಈ 40 ನಿಮಿಷದಲ್ಲಿ ಎಷ್ಟನ್ನು ಕೈಯಾಡಿಸುವ, ಸುರಿಯುವ, ತೂಗುವ ಆಟಕ್ಕೆ, ಅಂದರೆ ಸೆನ್ಸರಿ ಪ್ಲೇಗೆ, ಕೊಡಬೇಕು? ಅನುಭವಸ್ಥರಲ್ಲೇ ಇದಕ್ಕೆ ಎರಡು ಉತ್ತರಗಳಿವೆ. ಎರಡನ್ನೂ ಪ್ರಾಮಾಣಿಕವಾಗಿಯೇ ಹೇಳಲಾಗುತ್ತದೆ.

ಆಟದ ಪರ ಇರುವವರ ವಾದದ ಬೇರು ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಜೀನ್ ಏರ್ಸ್ 1970ರ ದಶಕದಲ್ಲಿ ಮಂಡಿಸಿದ ವಿಚಾರದಲ್ಲಿದೆ. ಚರ್ಮ, ಕೀಲು, ಒಳಗಿವಿಗಳಿಂದ ಬರುವ ಸಂವೇದನೆಗಳನ್ನು ಮಿದುಳು ಹದವಾಗಿ ಹೊಂದಿಸಿಕೊಳ್ಳದಿದ್ದರೆ ಕಲಿಕೆಗೂ ವರ್ತನೆಗೂ ತೊಡಕಾಗುತ್ತದೆ ಎಂಬುದು ಅದರ ಸಾರ. ಸಿದ್ಧಾಂತವನ್ನು ಒಪ್ಪದವರೂ ಒಪ್ಪಬೇಕಾದ ಇನ್ನೊಂದು ಮಾತು ಈ ಪಕ್ಷದಲ್ಲಿದೆ. ಮೇಜಿನ ಮುಂದೆ ಅರೆ ನಿಮಿಷವೂ ಕೂರದ ಮಗುವಿಗೆ ಮೇಜಿನ ಪಾಠ ಹೇಳುವುದು ಹೇಗೆ? ಟಬ್ಬಿನ ರಾಗಿಯಲ್ಲಿ ಹೂತಿಟ್ಟ ಗೋಲಿಯನ್ನು ಹುಡುಕುವಾಗ ಅದೇ ಮಗು ಐದು ನಿಮಿಷ ಕೂರಬಹುದು, ಸಿಕ್ಕ ಗೋಲಿಯನ್ನು ಎತ್ತಿ ಎದುರಿನವರ ಮುಖ ನೋಡಬಹುದು. ಆ ನೋಟವೇ ಕಲಿಕೆಯ ಬಾಗಿಲು ಎಂದು ಅವರು ಹೇಳಿದರೆ ತಳ್ಳಿಹಾಕುವಂತಿಲ್ಲ. ಎಂಟರಿಂದ ಹನ್ನೆರಡು ವಯಸ್ಸಿನ, ಎಡಿಎಚ್‌ಡಿ ಇರುವ ಹುಡುಗರ ಮೇಲೆ ಅಮೆರಿಕದಲ್ಲಿ ನಡೆದ, 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೆಚ್ಚು ಅಲುಗಾಡಿದಾಗಲೇ ಅವರು ನೆನಪಿನ ಕೆಲಸಗಳನ್ನು ಚೆನ್ನಾಗಿ ಮಾಡಿದ್ದು ಕಂಡಿತು. ನಾಲ್ಕರ ಮಗುವಿಗೆ ಇದು ನೇರವಾಗಿ ಅನ್ವಯಿಸದಿರಬಹುದು. ಆದರೆ ಚಲನೆಯೆಲ್ಲ ಗಮನದ ಶತ್ರುವಲ್ಲ ಎಂಬಷ್ಟನ್ನು ಹೇಳುತ್ತದೆ.

ಎದುರು ಪಕ್ಷದ ಬಲ ಸಾಕ್ಷ್ಯದಲ್ಲಿದೆ. ಅಮೆರಿಕದ ಮಕ್ಕಳ ವೈದ್ಯರ ಸಂಘವಾದ ಎಎಪಿ 2012ರಲ್ಲಿ, ಸಂವೇದನಾ ಚಿಕಿತ್ಸೆಯನ್ನು ಸಮಗ್ರ ಯೋಜನೆಯ ಒಂದು ಅಂಗವಾಗಿ ಬಳಸಬಹುದು, ಆದರೆ ಅದರ ಪರಿಣಾಮದ ಬಗ್ಗೆ ಸಂಶೋಧನೆ ಸೀಮಿತ ಎಂಬುದನ್ನು ಹೆತ್ತವರಿಗೆ ತಿಳಿಸಬೇಕು ಎಂದಿತು. ಅದೇ ಸಂಘದ 2019ರ ಮಾರ್ಗಸೂಚಿ, ನಾಲ್ಕರಿಂದ ಆರು ವರ್ಷದೊಳಗಿನ ಎಡಿಎಚ್‌ಡಿ ಮಕ್ಕಳಿಗೆ ಮೊದಲ ಚಿಕಿತ್ಸೆಯಾಗಿ ಹೇಳುವುದು ತಂದೆತಾಯಿಗೆ ಕೊಡುವ ವರ್ತನಾ ತರಬೇತಿಯನ್ನು. ಹಾಗಾದರೆ 40 ನಿಮಿಷದಲ್ಲಿ 30 ನಿಮಿಷ ಟಬ್ಬಿಗೆ ಕೊಡುವ ಕೇಂದ್ರ, ಗೊತ್ತಿರುವ ಮದ್ದನ್ನು ಬಿಟ್ಟು ಗೊತ್ತಿಲ್ಲದ್ದನ್ನು ಕುಡಿಸುತ್ತಿದೆ ಎಂಬ ಆಕ್ಷೇಪ ಕಟುವಾದರೂ ನ್ಯಾಯವಾದದ್ದೇ. ಈ ಸೀಮೆಗೆ ಸಲ್ಲುವ ಪ್ರಶ್ನೆಯೂ ಒಂದಿದೆ. ಹೊಲದ ಬದಿಯಲ್ಲಿ ಬೆಳೆಯುವ ಮಗುವಿಗೆ ಮಣ್ಣು, ನೀರು, ಕಾಳುಗಳ ಸ್ಪರ್ಶಕ್ಕೆ ಬರವೇನು? ಬಹುಶಃ ಬರವಿರುವುದು, ಹತ್ತು ನಿಮಿಷ ಬೇರೇನನ್ನೂ ಮಾಡದೆ ಅದರ ಎದುರು ಕೂರುವ ಹಿರಿಯರೊಬ್ಬರಿಗೆ.

ಆಟದ ಪರ ಇರುವವರು ಇಲ್ಲಿ ಒಂದು ತಿದ್ದುಪಡಿ ಸೂಚಿಸಬಹುದು, ಅದಕ್ಕೆ ತೂಕವಿದೆ. ಟಬ್ಬು ಒಳ್ಳೆಯದೋ ಕೆಟ್ಟದ್ದೋ ಎಂಬುದು ಜೋಡಣೆಯನ್ನು ಅವಲಂಬಿಸಿದೆ. ಗೋಡೆ ತುಂಬ ಚಿತ್ರ, ಮೂಲೆಯಲ್ಲಿ ಮಿನುಗುವ ದೀಪ, ನೆಲದ ಮೇಲೆ ಐದು ಬಗೆಯ ಡಬ್ಬಿ ಇದ್ದರೆ ಮಗು ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ. 24 ಪುಟ್ಟ ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೆಚ್ಚು ಅಲಂಕರಿಸಿದ ತರಗತಿಯಲ್ಲಿ ಗಮನ ಹೆಚ್ಚು ಚದುರಿತು, ಕಲಿತದ್ದೂ ಕಡಿಮೆಯಾಯಿತು. ಆದ್ದರಿಂದ ಸರಿಯಾದ ಜೋಡಣೆ ಬಡವಾಗಿಯೇ ಇರುತ್ತದೆ: ಬೋಳು ಗೋಡೆಯ ಕಡೆಗೆ ಮುಖ, ಕೆಳಗೆ ಗೋಣಿಪಟ್ಟೆ, ಅಗಲ ಬಾಯಿಯ ಒಂದು ಟಬ್ಬು, ಅದರಲ್ಲಿ ಮೂರು ನಾಲ್ಕು ಬೆರಳು ಆಳಕ್ಕೆ ಐದು ಕೆಜಿಯಷ್ಟು ರಾಗಿ, ಒಂದು ಪಾವು, ಒಂದು ಬಟ್ಟಲು. ಇನ್ನೇನೂ ಬೇಡ. ಮುಚ್ಚಳ ತೆಗೆದರೆ ಆಟ ಶುರು, ಮುಚ್ಚಿದರೆ ಮುಗಿಯಿತು.

ಈ ಬಡ ಜೋಡಣೆಗೂ ಅಪಾಯಗಳಿವೆ ಎಂಬುದನ್ನು ಆಕ್ಷೇಪಿಸುವವರು ನೆನಪಿಸುತ್ತಾರೆ. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಮಗುವಿಗೆ ರಾಗಿಯೂ ಬೇಡ, ಗೋಲಿಯೂ ಬೇಡ. ಕಲಸಿದ ಹಿಟ್ಟಿನ ಮುದ್ದೆ ಸಾಕು. ಅವರೆ, ಕಡಲೆಯಂಥ ಕಾಳು ಮೂಗಿಗೆ ಸೇರಿದರೆ ಒಳಗೇ ಊದಿಕೊಳ್ಳುತ್ತದೆ, ಉಸಿರುನಾಳಕ್ಕಿಳಿದರೆ ಜೀವಕ್ಕೇ ಸಂಚಕಾರ. ತಿನ್ನುವ ಧಾನ್ಯದಲ್ಲಿ ಆಟವಾಡಿಸಿದರೆ ಮನೆಯ ಅಜ್ಜಿಯರಿಗೆ ಸರಿಬರುವುದಿಲ್ಲ, ಆ ಮುಜುಗರವನ್ನು ಗೌರವಿಸಬೇಕು. ತೊಳೆದು ಜರಡಿ ಹಿಡಿದ ಮರಳಾದರೂ ಆದೀತು. ಅಥವಾ ಚೆಲ್ಲಾಟ ಬಿಟ್ಟು, ಪಾವಿನಲ್ಲಿ ಅಳೆದು ಬಟ್ಟಲಿಗೆ ಸುರಿಯುವ ಕೆಲಸವನ್ನಾಗಿ ಮಾಡಿದರೆ ಅಜ್ಜಿಯೇ ಎದುರು ಕೂತಾರು.

ಇವೆಲ್ಲಕ್ಕಿಂತ ದೊಡ್ಡ ತಪ್ಪು ನಡೆಯುವುದು ಹೊತ್ತಿನ ಆಯ್ಕೆಯಲ್ಲಿ. ಮಗು ಮೇಜು ಬಿಟ್ಟು ಓಡುತ್ತದೆ. ‘ಪಾಪ, ಅದಕ್ಕೆ ಸ್ಪರ್ಶ ಬೇಕಾಗಿದೆ’ ಎಂದು ಥೆರಪಿಸ್ಟ್ ಟಬ್ಬು ತೆರೆಯುತ್ತಾರೆ. ಓಡಿದರೆ ಟಬ್ಬು ಸಿಗುತ್ತದೆ ಎಂಬ ಪಾಠವನ್ನು ಮಗು ಎರಡೇ ದಿನದಲ್ಲಿ ಕಲಿತೀತು. ಓಟ ಹೆಚ್ಚಾಗುತ್ತದೆ, ಹೆಚ್ಚಾದದ್ದನ್ನು ಕಂಡು ಟಬ್ಬಿನ ಹೊತ್ತನ್ನೂ ಹೆಚ್ಚಿಸಲಾಗುತ್ತದೆ.

ಹಾಗಾದರೆ ಒಂದು ಮಗುವಿಗೆ ಟಬ್ಬು ಸಹಾಯ ಮಾಡುತ್ತಿದೆಯೇ ಎಂದು ತಿಳಿಯುವುದು ಹೇಗೆ? ನಾಲ್ಕೂವರೆ ವರ್ಷದ ಹುಡುಗನೊಬ್ಬನನ್ನು ಉದಾಹರಣೆಗೆ ಊಹಿಸಿಕೊಳ್ಳಿ. ಕಿವಿ, ಕಣ್ಣು, ನಿದ್ದೆಗಳ ತಪಾಸಣೆ ಮೊದಲೇ ಆಗಿದೆ. ಒಂದು ದಿನ ಎಂಟು ನಿಮಿಷ ಟಬ್ಬು, ಆಮೇಲೆ ಮೇಜು. ಮುಂದಿನ ಸಲ ಅದೇ ಎಂಟು ನಿಮಿಷ ಅದೇ ಥೆರಪಿಸ್ಟ್ ಜೊತೆ ಚಿತ್ರ ನೋಡುತ್ತ ಮಾತು, ಆಮೇಲೆ ಅದೇ ಮೇಜು. ಮೇಜಿನ ಮೇಲೆ ಮಣಿ ಪೋಣಿಸುವ ಕೆಲಸ; ಹತ್ತು ನಿಮಿಷದಲ್ಲಿ ಎಷ್ಟು ಸಲ ‘ಇಲ್ಲಿ ನೋಡು’ ಎನ್ನಬೇಕಾಯಿತು ಎಂದು ಗೆರೆ ಹಾಕುವುದಷ್ಟೇ ಲೆಕ್ಕ. ಹೀಗೆ ಹತ್ತು ಭೇಟಿ. ಟಬ್ಬಿನ ದಿನಗಳಲ್ಲಿ ಏಳೆಂಟು ಗೆರೆ, ಮಾತಿನ ದಿನಗಳಲ್ಲಿ ಹದಿನಾಲ್ಕು ಹದಿನೈದು ಬಂದರೆ ಟಬ್ಬು ಉಳಿಯಲಿ. ಎರಡರಲ್ಲೂ ಒಂದೇ ಆದರೆ, ಕೆಲಸ ಮಾಡಿದ್ದು ರಾಗಿಯಲ್ಲ, ಎದುರು ಕೂತ ಮನುಷ್ಯ ಎಂದು ಶಂಕಿಸಬಹುದು. ಟಬ್ಬಿನ ದಿನಗಳಲ್ಲೇ ಗೆರೆ ಹೆಚ್ಚಿದರೆ, ಎರಚುವುದು, ಏರಿದ ಉಸಿರು, ನಿಲ್ಲದ ನಗು ಕಂಡರೆ, ಆಟ ಅವನನ್ನು ತಣಿಸುವ ಬದಲು ಕೆರಳಿಸುತ್ತಿದೆ. ಒಂದೆರಡು ಭೇಟಿಗಳ ಏರಿಳಿತವನ್ನು ಮಾತ್ರ ನಂಬಬಾರದು. ಹಸಿವು, ಪ್ರಯಾಣದ ಸುಸ್ತು ಕೂಡ ಗೆರೆಗಳಲ್ಲಿ ಸೇರಿಕೊಂಡಿರುತ್ತವೆ.

ಇಷ್ಟನ್ನು ತೂಗಿದ ಮೇಲೆ, ಸಣ್ಣ ಕೇಂದ್ರಕ್ಕೆ ಟಬ್ಬನ್ನು ಪೂರ್ತಿ ಬಿಡುವುದೂ ಅದಕ್ಕೇ ಶರಣಾಗುವುದೂ ಸರಿಯಲ್ಲವೆಂದು ನನಗೆ ತೋರುತ್ತದೆ. ಮೊದಲ ಎಂಟು ಹತ್ತು ನಿಮಿಷ, ನಿಗದಿಯಾಗಿ, ಮಗು ಓಡಿದರೂ ಓಡದಿದ್ದರೂ ಟಬ್ಬು. ನಡುವೆ ಮೇಜಿನ ಕೆಲಸ. ಕೊನೆಯ ಹದಿನೈದು ನಿಮಿಷ ತಾಯಿಗೆ. ಆ ಹದಿನೈದು ನಿಮಿಷದಲ್ಲಿ ಥೆರಪಿಸ್ಟ್ ಕೈಕಟ್ಟಿ ಕೂತು, ತಾಯಿಯೇ ಒಂದೊಂದು ಚಿಕ್ಕ ಮಾತಿನಲ್ಲಿ ಕೆಲಸ ಹೇಳಿ, ಮಾಡಿದ ಕೂಡಲೇ ಮೆಚ್ಚುವುದನ್ನು ನೋಡಿ ತಿದ್ದಬೇಕು. ಹತ್ತು ಭೇಟಿಗಳ ಗೆರೆಗಳು ಟಬ್ಬಿನ ಪರ ನಿಲ್ಲದಿದ್ದರೆ ಆ ಮಗುವಿನ ಮಟ್ಟಿಗೆ ಅದರ ಹತ್ತು ನಿಮಿಷವೂ ತಾಯಿಯ ಪಾಲಿಗೆ ಸೇರಲಿ.