ಮನೆ ಬಾಗಿಲಿಗೋ, ಕ್ರಾಸಿಗೋ?

ನಮ್ಮ ಊರಿನ ಹೊರಗೆ ಹೆದ್ದಾರಿಯ ಮಗ್ಗುಲಲ್ಲಿರುವ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಎರಡನೆಯ ಪಾಳಿ ರಾತ್ರಿ 11-30ಕ್ಕೆ ಬಿಡುತ್ತದೆ. ಹೆಂಗಸರನ್ನು ಊರು ಮುಟ್ಟಿಸಲು ಮಾಲೀಕರು ವ್ಯಾನು ಇಟ್ಟಿದ್ದಾರೆ. ಹಾಗೆಂದು ಅವರು ಸರ್ಕಾರಕ್ಕೆ ಬರೆದುಕೊಟ್ಟಿದ್ದಾರೆ, ಗೇಟಿನ ಬೋರ್ಡಿನ ಮೇಲೂ ಬರೆಸಿದ್ದಾರೆ. ಈ ವ್ಯಾನು ಊರು ಮುಟ್ಟಿಸುವ ಬಗೆ ಯಾವುದೆಂದು ತಿಳಿಯಲು ಕಳೆದ ತಿಂಗಳು ಒಂದು ರಾತ್ರಿ, ಅಲ್ಲಿ ಟೈಲರಾಗಿರುವ ಹೆಣ್ಣುಮಗಳೊಬ್ಬಳ ಅಣ್ಣನ ಜೊತೆ ನಾವು ಅವರೂರಿನ ಕ್ರಾಸಿನಲ್ಲಿ ಕಾದು ನಿಂತೆವು.

ವ್ಯಾನು ಬಂದಾಗ ಗಂಟೆ 12-50. ಹೊರಡುವಾಗ ಅದರಲ್ಲಿ ಹನ್ನೊಂದು ಜನ ಹೆಂಗಸರಿದ್ದರು. ಮೂವರು ಪೇಟೆಯ ಬಡಾವಣೆಯಲ್ಲಿ, ನಾಲ್ವರು ಮೊದಲ ಕ್ರಾಸಿನಲ್ಲಿ, ಮೂವರು ಎರಡನೆಯ ಕ್ರಾಸಿನಲ್ಲಿ ಇಳಿದಿದ್ದರು. ಉಳಿದವಳು ಇವಳೊಬ್ಬಳೇ. ವ್ಯಾನಿನಲ್ಲಿ ಅವಳು ಮತ್ತು ಚಾಲಕ, ಬೇರೆ ನರಪಿಳ್ಳೆಯಿಲ್ಲ. ಕ್ರಾಸಿನಿಂದ ಅವರ ಮನೆಗೆ ಎರಡು ಕಿಲೋಮೀಟರು, ದಾರಿಯಲ್ಲಿ ದೀಪವಿಲ್ಲ. ಅಣ್ಣ ಬರದ ದಿನ ಏನು ಮಾಡುತ್ತೀಯಮ್ಮ ಎಂದು ಕೇಳಿದೆವು. "ಅಣ್ಣ ಬರದ ದಿನ ರಜಾ ಹಾಕ್ತೀನಿ ಮೇಷ್ಟ್ರೇ, ಸಂಬಳ ಹೋಗುತ್ತೆ" ಎಂದಳು.

ಮರುದಿನ ಕಾರ್ಖಾನೆಯ ಅಧಿಕಾರಿಯನ್ನು ಕಂಡೆವು. ಸೌಜನ್ಯದ ಮನುಷ್ಯ, ಕಾಫಿ ಕೊಡಿಸಿದರು. "ವ್ಯಾನು ಕೊಟ್ಟಿದ್ದೀವಲ್ಲ ಸ್ವಾಮಿ. ಒಳರಸ್ತೆಗೆಲ್ಲ ನುಗ್ಗಿಸಿದರೆ ಡೀಸೆಲ್ ಯಾರು ಹಾಕ್ತಾರೆ?" ಎಂದು ಕೇಳಿದರು. ಕಾಫಿಯ ಋಣ ತೀರಿಸಲಾದರೂ ಈ ಪ್ರಶ್ನೆಗೆ ಇಲ್ಲಿ ಉತ್ತರ ಹೇಳಬೇಕಾಗಿದೆ.

ಉತ್ತರ ಕಾನೂನಿನ ಚರಿತ್ರೆಯಲ್ಲೇ ಇದೆ. 1948ರ ಕಾರ್ಖಾನೆ ಕಾಯಿದೆಯ 66ನೆಯ ಕಲಮಿನ ಪ್ರಕಾರ ಬೆಳಿಗ್ಗೆ 6ರಿಂದ ಸಂಜೆ 7ರ ಹೊರಗೆ ಯಾವ ಹೆಂಗಸನ್ನೂ ಕಾರ್ಖಾನೆಯಲ್ಲಿ ದುಡಿಸುವಂತಿರಲಿಲ್ಲ. ರಾಜ್ಯ ಸರ್ಕಾರ ಆ ಹೊತ್ತನ್ನು ಕೊಂಚ ಹಿಂದುಮುಂದು ಮಾಡಬಹುದಿತ್ತು. ಆದರೆ ರಾತ್ರಿ 10ರಿಂದ ಬೆಳಗಿನ 5ರವರೆಗಿನ ಹೊತ್ತನ್ನು ಮುಟ್ಟುವ ಅಧಿಕಾರ ಅದಕ್ಕೂ ಇರಲಿಲ್ಲ. 2000ದಲ್ಲಿ ಮದ್ರಾಸ್ ಹೈಕೋರ್ಟು ಈ ನಿಷೇಧವನ್ನು ಹೊಡೆದುಹಾಕಿತು. ಹೆಣ್ಣೆಂಬ ಒಂದೇ ಕಾರಣಕ್ಕೆ ಕೆಲಸದ ಬಾಗಿಲು ಮುಚ್ಚುವುದು ಸಮಾನತೆಗೆ ವಿರುದ್ಧವೆಂದಿತು. ಅದು ಸರಿಯಾದ ಮಾತು. ಆದರೆ ಕೋರ್ಟು ಬಾಗಿಲು ತೆರೆದು ಸುಮ್ಮನಾಗಲಿಲ್ಲ, ಮಾಲೀಕನು ಪಾಲಿಸಬೇಕಾದ ಷರತ್ತುಗಳ ಪಟ್ಟಿಯನ್ನೂ ಜೊತೆಗಿಟ್ಟಿತು. 2019ರ ನವೆಂಬರಿನಲ್ಲಿ ನಮ್ಮ ರಾಜ್ಯ ಸರ್ಕಾರ ಕಾರ್ಖಾನೆಗಳಲ್ಲಿ ಹೆಂಗಸರ ರಾತ್ರಿ ಪಾಳಿಗೆ ಅಧಿಸೂಚನೆ ಹೊರಡಿಸಿದಾಗಲೂ ಅಂಥ ಪಟ್ಟಿಯನ್ನೇ ಕೊಟ್ಟಿತು. ಹೆಂಗಸು ಲಿಖಿತ ಒಪ್ಪಿಗೆ ಕೊಟ್ಟಿರಬೇಕು. ಹತ್ತು ಮಂದಿಗಿಂತ ಕಡಿಮೆ ಹೆಂಗಸರ ತಂಡವನ್ನು ರಾತ್ರಿ ದುಡಿಸಬಾರದು. ಮೇಲ್ವಿಚಾರಕರಲ್ಲಿ ಮೂರರಲ್ಲೊಂದು ಪಾಲು ಹೆಂಗಸರಿರಬೇಕು. ಕೆಲಸಗಾರರನ್ನು ವಾಸದ ಮನೆಯಿಂದ ಕರೆತಂದು ವಾಸದ ಮನೆಗೇ ಮುಟ್ಟಿಸಬೇಕು, ವಾಹನದಲ್ಲಿ ಕಾವಲಿರಬೇಕು.

ವಾಸದ ಮನೆ ಎಂದರೆ ಮನೆ. ಕ್ರಾಸಿನಲ್ಲಿ ಯಾರೂ ವಾಸ ಮಾಡುವುದಿಲ್ಲ. ಅಧಿಕಾರಿಯವರ ಡೀಸೆಲ್ ಪ್ರಶ್ನೆಗೆ ಇದೇ ಮೊದಲ ಉತ್ತರ.

ಎರಡನೆಯದು ಇದಕ್ಕಿಂತ ದೊಡ್ಡದು. ಈ ಷರತ್ತುಗಳು ಮಾಲೀಕನು ಮನಸ್ಸಾದರೆ ಮಾಡುವ ದಾನಧರ್ಮವಲ್ಲ. ನಿಷೇಧವಿದ್ದ ಕಡೆ ಅನುಮತಿ ಸಿಕ್ಕಿದ್ದೇ ಈ ಷರತ್ತುಗಳ ಮೇಲೆ. ಷರತ್ತು ಮುರಿದ ರಾತ್ರಿ ಆ ಅನುಮತಿಯೂ ಇಲ್ಲ. ಆ ರಾತ್ರಿ ಕಾರ್ಖಾನೆ ಹೆಂಗಸರನ್ನು ದುಡಿಸಿದ್ದೇ ಕಾನೂನುಬಾಹಿರ. ಮಾಲೀಕರು ಮಾತ್ರ ಅನುಮತಿಯನ್ನು ಎರಡೂ ಕೈಯಲ್ಲಿ ಬಾಚಿಕೊಂಡು, ಷರತ್ತನ್ನು ವ್ಯಾನಿನ ಗುತ್ತಿಗೆದಾರನ ತಲೆಗೆ ಕಟ್ಟಿ ಕೂತಿದ್ದಾರೆ.

ಗುತ್ತಿಗೆದಾರನ ಮಾತು ಬಂದದ್ದರಿಂದ ಬೆಂಗಳೂರಿನ ಒಂದು ದುಃಖದ ಸಂಗತಿಯನ್ನು ನೆನೆಯಲೇಬೇಕು. 2005ರ ಡಿಸೆಂಬರಿನಲ್ಲಿ ಅಲ್ಲಿನ ಕಾಲ್ ಸೆಂಟರೊಂದರ ಹೆಣ್ಣುಮಗಳು ರಾತ್ರಿ ಪಾಳಿಗೆ ಹೊರಟಳು. ಕರೆದೊಯ್ಯಲು ಬಂದವನು ಆ ದಿನ ಬರಬೇಕಾಗಿದ್ದ ಚಾಲಕನಲ್ಲ. ಅವಳು ಕೆಲಸದ ಜಾಗ ಮುಟ್ಟಲಿಲ್ಲ, ಅತ್ಯಾಚಾರಕ್ಕೊಳಗಾಗಿ ಕೊಲೆಯಾದಳು. ಆ ಚಾಲಕನಿಗೆ 2010ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ. ರಕ್ಷಣೆಯ ಷರತ್ತು ಪಾಲಿಸಲಿಲ್ಲವೆಂದು ಕಾರ್ಮಿಕ ಇಲಾಖೆ ಆ ಕಂಪನಿಯ ಮುಖ್ಯಸ್ಥರ ಮೇಲೆ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ 25ನೆಯ ಕಲಮಿನ ಕೆಳಗೆ ಮೊಕದ್ದಮೆ ಹೂಡಿತು. ಅದನ್ನು ರದ್ದು ಮಾಡಿಸಲು ಅವರು ಸುಪ್ರೀಂ ಕೋರ್ಟಿನವರೆಗೆ ಹೋದರು. 2008ರಲ್ಲಿ ಆ ಕೋರ್ಟು ರದ್ದು ಮಾಡಲು ಒಪ್ಪಲಿಲ್ಲ. ಹೊಣೆ ಯಾರದೆಂಬ ಪ್ರಶ್ನೆ ಸ್ಟೇರಿಂಗ್ ಹಿಡಿದವನಲ್ಲಿಗೇ ಮುಗಿಯುವುದಿಲ್ಲ, ಕಂಪನಿಯ ಮೇಲಿನ ಕೋಣೆಯವರೆಗೂ ಅದು ಹೋಗಬಲ್ಲದು. ಆದರೆ ಆ ಕಲಮನ್ನು ಮುರಿದದ್ದಕ್ಕೆ ಇದ್ದ ಶಿಕ್ಷೆ ಬರಿಯ ದಂಡ! ಅಷ್ಟು ಅಗ್ಗದ ಕಾನೂನಿಗೆ ಯಾವ ಧಣಿ ಹೆದರುತ್ತಾನೆ?

ಇಂಥ ಸಂಸ್ಥೆಗಳಿಗಾಗಿ ಆ ಕಾಯಿದೆಯ ನಿಯಮಗಳಲ್ಲಿ ವಾಹನದ ಬಗ್ಗೆ ಬರೆದಿರುವುದನ್ನು ನಮ್ಮ ಕಾರ್ಖಾನೆಯ ಅಕ್ಕತಂಗಿಯರು ಕೇಳಿಸಿಕೊಳ್ಳಬೇಕು. ವಾಹನ ಉಚಿತವಾಗಿರಬೇಕು. ಚಾಲಕನ ಪೂರ್ವಾಪರವನ್ನು ಕೆಲಸಕ್ಕೆ ಸೇರಿಸುವ ಮೊದಲೇ ವಿಚಾರಿಸಬೇಕು. ಯಾರನ್ನು ಯಾವಾಗ ಹತ್ತಿಸುವುದು, ಇಳಿಸುವುದು ಎಂಬುದನ್ನು ಕಂಪನಿಯ ಮೇಲ್ವಿಚಾರಕರೇ ಗೊತ್ತು ಮಾಡಬೇಕು. ಹೆಂಗಸರ ಫೋನ್ ನಂಬರು, ವಿಳಾಸ ಕಂಡಕಂಡವರ ಕೈಗೆ ಹೋಗಬಾರದು. ಯಾವ ಹೆಂಗಸನ್ನೂ ಎಲ್ಲರಿಗಿಂತ ಮೊದಲು ಹತ್ತಿಸುವಂತಿಲ್ಲ, ಎಲ್ಲರಿಗಿಂತ ಕೊನೆಗೆ ಇಳಿಸುವಂತಿಲ್ಲ.

ಈ ಕೊನೆಯ ಸಾಲನ್ನು ನಮ್ಮ ವ್ಯಾನಿಗೆ ಹಚ್ಚಿ ನೋಡೋಣ, ಪಾಠಶಾಲೆಯ ಲೆಕ್ಕದ ಹಾಗೆ. ಹನ್ನೊಂದು ಮಂದಿ, ಎಲ್ಲರೂ ಹೆಂಗಸರು. ದಾರಿಯನ್ನು ಹೇಗೆ ತಿರುಗಿಸಿದರೂ ಕೊನೆಗೆ ಇಳಿಯುವವಳು ಒಬ್ಬ ಹೆಂಗಸೇ. ಕಾಲ್ ಸೆಂಟರಿನಲ್ಲಿ ಗಂಡಸರೂ ದುಡಿಯುವುದರಿಂದ ಒಬ್ಬ ಗಂಡಸನ್ನು ಕೊನೆಗೆ ಇಳಿಸಿ ನಿಯಮ ಉಳಿಸಿಕೊಳ್ಳಬಹುದು. ಹೊಲಿಗೆ ಕಾರ್ಖಾನೆಯಲ್ಲಿ ಅದು ಸಾಗದು. ಹಾಗಾದರೆ ಉಳಿಯುವ ದಾರಿ ಒಂದೇ, ಕಾವಲಿನವರು ವ್ಯಾನು ಹತ್ತಿ ಕೊನೆಯವಳು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುವತನಕ ಜೊತೆಗಿದ್ದು, ಅದೇ ವ್ಯಾನಿನಲ್ಲಿ ಕಾರ್ಖಾನೆಗೆ ಹಿಂತಿರುಗುವುದು. ಕಾವಲಿಗೆ ಬಂದವಳೂ ಹೆಂಗಸಾದರೆ ಹಿಂತಿರುಗುವ ದಾರಿಯಲ್ಲಿ ಅವಳೂ ಒಬ್ಬಂಟಿ. ಆದ್ದರಿಂದ ಇಬ್ಬರು ಬೇಕಾದೀತು. ಇಬ್ಬರಿಗೆ ಸೀಟು ಬೇಕು, ಇಬ್ಬರಿಗೆ ಸಂಬಳ ಬೇಕು. ಹನ್ನೆರಡು ಸೀಟಿನ ವ್ಯಾನಿನಲ್ಲಿ ಹನ್ನೊಂದು ಕೆಲಸಗಾರರನ್ನು ತುಂಬಿದರೆ ಉಳಿಯುವುದು ಒಂದೇ ಸೀಟು. ಎರಡನೆಯ ಕಾವಲಿಗೆ ಇನ್ನೊಂದು ವ್ಯಾನು ಬೇಕಾದೀತು. ಮಾಲೀಕರು ಉಳಿಸುತ್ತಿರುವುದು ಈ ಸೀಟಿನ ದುಡ್ಡನ್ನು. ಡೀಸೆಲ್ ಬರಿಯ ನೆವ.

ಇನ್ನು ಒಪ್ಪಿಗೆಯ ಮಾತು. ನಮ್ಮ ಕೈಗೆ ಬಂದ ಒಪ್ಪಿಗೆ ಪತ್ರ ಕೆಲಸಕ್ಕೆ ಸೇರುವ ದಿನವೇ ಬೇರೆ ಕಾಗದಗಳ ನಡುವೆ ಇಟ್ಟು ರುಜು ಹಾಕಿಸಿಕೊಂಡದ್ದು. ತಾರೀಖು ಬರೆದಿಲ್ಲ, ಯಾವ ಪಾಳಿ ಎಂದಿಲ್ಲ, ಭಾಷೆ ಇಂಗ್ಲಿಷು. ರುಜು ಹಾಕಿದವಳಿಗೆ ಕನ್ನಡ ಓದಲು ಬರುತ್ತದೆ, ನಾವೇ ಕಲಿಸಿದ್ದೇವೆ. ತಾನು ಒಪ್ಪಿದ್ದು ಯಾವುದಕ್ಕೆಂದು ಅವಳಿಗೆ ತಿಳಿದದ್ದು ಎರಡನೆಯ ಪಾಳಿಗೆ ಹಾಕಿದ ಮೇಲೆ. ಒಲ್ಲೆನೆಂದವಳಿಗೆ ಹಗಲು ಪಾಳಿ ಉಂಟೋ ಇಲ್ಲವೋ ಎಂಬುದರಲ್ಲೇ ಒಪ್ಪಿಗೆಯ ನಿಜ ತಿಳಿಯುತ್ತದೆ. ಇಲ್ಲಿ ಒಲ್ಲೆನೆಂದವಳಿಗೆ ಸಿಕ್ಕಿದ್ದು "ನಾಳೆಯಿಂದ ಬರಬೇಡ" ಎಂಬ ಉತ್ತರ. ಇದು ಒಪ್ಪಿಗೆಯೋ, ಹೊಟ್ಟೆಯ ಮೇಲಿಟ್ಟ ಕಲ್ಲೋ?

ವಿರಾಮದ್ದೂ ಇದೇ ಕಥೆ. ಹಗಲಿನಿಂದ ರಾತ್ರಿಗೋ ರಾತ್ರಿಯಿಂದ ಹಗಲಿಗೋ ಪಾಳಿ ಬದಲಿಸುವಾಗ ನಡುವೆ ಎಡೆಬಿಡದೆ ಹನ್ನೆರಡು ಗಂಟೆ ವಿರಾಮ ಕೊಡಬೇಕೆಂಬುದು ಷರತ್ತು. ಶನಿವಾರ ರಾತ್ರಿ 11-30ಕ್ಕೆ ಬಿಟ್ಟವಳನ್ನು ಸಾಗಣೆಯ ಅವಸರವೆಂದು ಭಾನುವಾರ ಬೆಳಿಗ್ಗೆ 9ಕ್ಕೆ ಕರೆಸಿದ್ದಾರೆ. ನಡುವೆ ಒಂಬತ್ತೂವರೆ ಗಂಟೆ. ಅದರಲ್ಲಿ ಮನೆ ಸೇರಿದ್ದು ಒಂದು ಗಂಟೆಗೆ, ಎದ್ದು ನೀರು ಹಿಡಿದು ಅಡಿಗೆ ಮಾಡಿ ಹೊರಟದ್ದು ಏಳೂವರೆಗೆ. ನಿದ್ದೆ ಎಷ್ಟೆಂದು ಓದುಗರೇ ಎಣಿಸಲಿ.

ಈಗ ಹೊಸ ಮಂತ್ರವೊಂದು ಕೇಳಿಬರುತ್ತಿದೆ. ಹಳೆಯ ಕಾಯಿದೆ ಹೋಯಿತು, ಹಳೆಯ ಷರತ್ತೂ ಹೋಯಿತು ಎಂದು. 2025ರ ನವೆಂಬರ್ 21ರಿಂದ ಕಾರ್ಖಾನೆ ಕಾಯಿದೆಯ ಜಾಗದಲ್ಲಿ ಕೇಂದ್ರದ ಹೊಸ ಸುರಕ್ಷತಾ ಸಂಹಿತೆ ಜಾರಿಗೆ ಬಂದಿರುವುದು ನಿಜ. ಅದರ 43ನೆಯ ಕಲಮು ಎಲ್ಲ ಬಗೆಯ ಕೆಲಸಕ್ಕೂ ಹೆಂಗಸರು ಅರ್ಹರೆನ್ನುತ್ತದೆ. ಸಂಜೆ 7ರ ಮೇಲೆ, ಬೆಳಿಗ್ಗೆ 6ರ ಮೊದಲು ಅವರ ಒಪ್ಪಿಗೆಯ ಮೇಲೆ, ಸರ್ಕಾರ ವಿಧಿಸುವ ಸುರಕ್ಷತೆ, ರಜೆ ಮತ್ತು ಕೆಲಸದ ಹೊತ್ತಿನ ಷರತ್ತುಗಳಿಗೆ ಒಳಪಟ್ಟು ದುಡಿಸಬಹುದೆನ್ನುತ್ತದೆ. ವ್ಯಾನು, ಕಾವಲು, ಮನೆ ಬಾಗಿಲು ಇವು ಕಲಮಿನ ಒಳಗಿಲ್ಲ, ಸರ್ಕಾರ ಮಾಡುವ ನಿಯಮಗಳಿಗೆ ಬಿಟ್ಟಿದೆ. ನಮ್ಮ ಎಚ್ಚರವೆಲ್ಲ ಇಲ್ಲಿರಬೇಕು. ಕಾಯಿದೆಯನ್ನು ಶಾಸನಸಭೆಯಲ್ಲಿ ನಾಲ್ಕು ಜನರೆದುರು ಚರ್ಚಿಸುತ್ತಾರೆ. ನಿಯಮವನ್ನು ಕಚೇರಿಯಲ್ಲಿ ಕೂತು ಬರೆಯುತ್ತಾರೆ. "ವಾಸದ ಮನೆಗೆ" ಎಂಬುದನ್ನು "ಸಮೀಪದ ಸ್ಥಳಕ್ಕೆ" ಎಂದು ತಿದ್ದಲು ಒಂದು ಪೆನ್ನು ಸಾಕು. ಹೊಸ ನಿಯಮ ಬರುವತನಕ ಹಳೆಯವು ನಡೆಯುತ್ತವೆಂದು ಸರ್ಕಾರವೇ ಹೇಳಿದೆ. ಆದ್ದರಿಂದ ಹಳೆಯದು ಹೋಯಿತೆಂಬ ಮಾತು ಸುಳ್ಳು. ಅಂದಹಾಗೆ, ಆ ಸಂಹಿತೆ ಇನ್‌ಸ್ಪೆಕ್ಟರ ಹೆಸರಿಗೆ 'ಅನುಕೂಲ ಮಾಡಿಕೊಡುವವರು' ಎಂಬ ಬಾಲವನ್ನೂ ಅಂಟಿಸಿದೆ. ಯಾರಿಗೆ ಅನುಕೂಲವೆಂದು ಬಿಡಿಸಿ ಹೇಳಿಲ್ಲ.

ಇಷ್ಟು ಕೇಳಿದ ನಮ್ಮೂರ ಹಿರಿಯರೊಬ್ಬರು, "ಇಷ್ಟೆಲ್ಲ ತಾಪತ್ರಯ ಯಾಕಪ್ಪ? ಹೆಣ್ಣುಮಕ್ಕಳು ರಾತ್ರಿ ಮನೆಯಲ್ಲಿರಲಿ" ಎಂದರು. ಅವರ ಕಳಕಳಿ ನಮಗೆ ಗೊತ್ತು, ಆದರೂ ಆ ಮಾತನ್ನು ಒಪ್ಪೆವು. ಆಸ್ಪತ್ರೆಯ ನರ್ಸು ನಿನ್ನೆ ಮೊನ್ನೆಯಿಂದ ರಾತ್ರಿ ದುಡಿಯುತ್ತಿಲ್ಲ. ಅವಳು ಮನೆಯಲ್ಲಿರಲಿ ಎಂದು ಈ ಹಿರಿಯರೂ ಅನ್ನುವುದಿಲ್ಲ. ಕೆಲಸ ಕಿತ್ತುಕೊಂಡು ಕೊಡುವ ರಕ್ಷಣೆಯಿಂದ ಹೆಣ್ಣುಮಗಳ ಕೂಲಿ ಹೋಗುತ್ತದೆ, ಕತ್ತಲು ಇದ್ದಲ್ಲೇ ಇರುತ್ತದೆ. ಮಾಲೀಕರಿಗೂ ಈ ಹಿರಿಯರ ಮಾತು ಬಹಳ ಇಷ್ಟ, ಏಕೆಂದರೆ ವ್ಯಾನು ಕೇಳಿದವರ ಬಾಯಿ ಮುಚ್ಚಿಸಲು "ಹಾಗಾದರೆ ಹೆಂಗಸರೇ ಬೇಡ" ಎಂಬ ಬೆದರಿಕೆ ಸಿದ್ಧವಾಗಿ ಸಿಗುತ್ತದೆ.

ಕಾರ್ಖಾನೆಯವರು ರಾತ್ರಿ ಪಾಳಿಯ ಹೆಂಗಸರ ವಿವರವನ್ನು ಹದಿನೈದು ದಿನಕ್ಕೊಮ್ಮೆ ಇನ್‌ಸ್ಪೆಕ್ಟರಿಗೆ ಕಳಿಸಬೇಕೆಂಬ ಷರತ್ತೂ ಆ ಪಟ್ಟಿಯಲ್ಲಿದೆ. ಆ ವರದಿಯಲ್ಲಿ ನಮ್ಮ ವ್ಯಾನು ಬಹುಶಃ ದಿನವೂ ಮನೆ ಬಾಗಿಲಿಗೇ ಹೋಗುತ್ತಿದೆ. ಅದರ ಪ್ರತಿ, ವ್ಯಾನಿನ ದಾರಿಯ ಪಟ್ಟಿ, ಚಾಲಕನ ಪೂರ್ವಾಪರ ವಿಚಾರಿಸಿದ ಕಾಗದ, ಈ ಮೂರನ್ನೂ ಮುಂದಿನ ವಾರ ಇಲಾಖೆಯ ಕಚೇರಿಯಲ್ಲಿ ಅರ್ಜಿ ಕೊಟ್ಟು ಕೇಳುತ್ತೇವೆ. ಅದಕ್ಕೆ ಎದುರಿಡಲು ನಮ್ಮದೂ ಒಂದು ವರದಿ ಬೇಕು. ಎರಡನೆಯ ಪಾಳಿಯ ಅಕ್ಕತಂಗಿಯರು ಇಂದಿನಿಂದ ಒಂದು ನೋಟ್ ಪುಸ್ತಕದಲ್ಲಿ ದಿನವೂ ನಾಲ್ಕು ಸಂಗತಿ ಬರೆಯಬೇಕು: ಗೇಟು ಬಿಟ್ಟ ಗಂಟೆ, ವ್ಯಾನು ಇಳಿಸಿದ ಜಾಗ, ಮನೆ ಸೇರಿದ ಗಂಟೆ, ತಾವು ಇಳಿದಾಗ ವ್ಯಾನಿನಲ್ಲಿ ಉಳಿದಿದ್ದವರು ಯಾರು. ಬರೆಯಲು ಬಾರದವರು ಪಕ್ಕದ ಸೀಟಿನವರಿಂದ ಬರೆಸಲಿ. ಭಾನುವಾರ ಸಂಜೆ ಪುಸ್ತಕಗಳನ್ನು ಪಕ್ಷದ ಕಚೇರಿಗೆ ತಂದುಕೊಟ್ಟರೆ ಪ್ರತಿ ತೆಗೆದುಕೊಂಡು ಅಲ್ಲೇ ಹಿಂದಕ್ಕೆ ಕೊಡುತ್ತೇವೆ. ಯಾರ ಹೆಸರನ್ನೂ ಕಾರ್ಖಾನೆಗೆ ತಿಳಿಸುವುದಿಲ್ಲ.